30ನೆಯ ಕಿಲೋಮೀಟರಿನ ಗೋಡೆ ಮೊದಲ 10ರಲ್ಲೇ ಏಳುತ್ತದೆ

ಕಾರವಾರದ ಟಾಗೋರ್ ಕಡಲತೀರದ ಪಕ್ಕದ ರಸ್ತೆಯಲ್ಲಿ ಭಾನುವಾರ ಬೆಳಗಿನ ಜಾವ ನಮ್ಮ ಜೊತೆ ಓಡುವ ಬ್ಯಾಂಕ್ ನೌಕರರೊಬ್ಬರು ತಮ್ಮ ಮೊದಲ ಮ್ಯಾರಥಾನ್ ಮುಗಿಸಿ ಬಂದ ವಾರ, ಮೊಬೈಲಿನಲ್ಲಿದ್ದ ಫಲಿತಾಂಶದ ಪುಟವನ್ನು ನನ್ನ ಮುಂದೆ ಹಿಡಿದು ಹೀಗೆಂದರು: "30 ಕಿಲೋಮೀಟರ್ ತನಕ ಎಲ್ಲಾ ಸರಿ ಇತ್ತು ಸರ್. ಆಮೇಲೆ ಏನಾಯ್ತೋ ಗೊತ್ತಿಲ್ಲ, ಕಾಲು ನನ್ನದೇ ಅಲ್ಲ ಅನ್ನಿಸಿಬಿಡ್ತು." ಅವರು 4 ಗಂಟೆ 45 ನಿಮಿಷದ ಗುರಿ ಇಟ್ಟುಕೊಂಡು ಹೋಗಿದ್ದರು, ಮುಗಿಸಿದ್ದು 5 ಗಂಟೆ 13 ನಿಮಿಷ 40 ಸೆಕೆಂಡಿನಲ್ಲಿ. ಆ ಪುಟದಲ್ಲಿ ಪ್ರತಿ 5 ಕಿಲೋಮೀಟರಿನ ಸಮಯವೂ ದಾಖಲಾಗಿತ್ತು. ಅದನ್ನು ಮೇಲಿನಿಂದ ಕೆಳಕ್ಕೆ ಓದಿದಾಗ, 30ರ ತನಕ ಎಲ್ಲವೂ ಸರಿಯಿತ್ತೆಂಬ ಅವರ ಮಾತು ಸರಿಯಲ್ಲವೆಂಬುದು ಸ್ಪಷ್ಟವಾಯಿತು. ಅವರ ಅನುಮತಿ ಪಡೆದು ಆ ಸಮಯಗಳನ್ನೇ ಇಲ್ಲಿ ಮುಂದಿಡುತ್ತಿದ್ದೇನೆ, ಏಕೆಂದರೆ ಮೊದಲ ಬಾರಿ 42.195 ಕಿಲೋಮೀಟರ್ ಓಡುವವರಿಗೆ ತಿಳಿದಿರಬೇಕಾದ ಮುಖ್ಯ ವಿಷಯವೆಲ್ಲ ಈ ಒಂದು ಪಟ್ಟಿಯೊಳಗೆ ಅಡಗಿದೆ.

ಮೊದಲು ಎರಡು ಪದಗಳ ಅರ್ಥ ತಿಳಿದುಕೊಳ್ಳೋಣ. ಒಂದು ಕಿಲೋಮೀಟರ್ ಓಡಲು ಹಿಡಿಯುವ ಸಮಯವನ್ನು ಓಟಗಾರರು ಪೇಸ್ ಎನ್ನುತ್ತಾರೆ; 6:45 ಪೇಸ್ ಎಂದರೆ ಕಿಲೋಮೀಟರಿಗೆ 6 ನಿಮಿಷ 45 ಸೆಕೆಂಡು. ಇಡೀ ಓಟವನ್ನು ಸಮನಾದ ತುಂಡುಗಳಾಗಿ ವಿಂಗಡಿಸಿದಾಗ ಒಂದೊಂದು ತುಂಡಿಗೆ ಹಿಡಿದ ಸಮಯವೇ ಸ್ಪ್ಲಿಟ್. ದೊಡ್ಡ ಓಟಗಳಲ್ಲಿ ರಸ್ತೆಗೆ ಅಡ್ಡಲಾಗಿ ಹಾಸಿದ ಮ್ಯಾಟ್ ಮೇಲೆ ಹಾದುಹೋದಾಗ, ಎದೆಯ ಮೇಲಿನ ಸಂಖ್ಯಾಪತ್ರಕ್ಕೋ ಬೂಟಿಗೋ ಅಂಟಿಸಿದ ಚಿಪ್ ಈ ಸಮಯವನ್ನು ದಾಖಲಿಸುತ್ತದೆ. 4 ಗಂಟೆ 45 ನಿಮಿಷದಲ್ಲಿ ಮುಗಿಸಬೇಕೆಂದರೆ ಪೇಸ್ 6:45 ಇರಬೇಕು, ಅಂದರೆ 5 ಕಿಲೋಮೀಟರಿನ ಪ್ರತಿಯೊಂದು ಸ್ಪ್ಲಿಟ್ 33:45ರ ಆಸುಪಾಸಿನಲ್ಲಿರಬೇಕು. ನಮ್ಮ ಮಿತ್ರರ ಸ್ಪ್ಲಿಟ್‌ಗಳು ಹೀಗಿದ್ದವು:

0–5 ಕಿ.ಮೀ. : 30:40
5–10 : 31:00
10–15 : 31:35
15–20 : 32:25
20–25 : 33:40
25–30 : 36:10
30–35 : 44:50
35–40 : 50:15
ಕೊನೆಯ 2.195 : 23:05

ಗುರಿಯ ಪೇಸ್ ಕಂಡುಬರುವುದು ಈ ಪಟ್ಟಿಯ ಒಂದೇ ಒಂದು ಸಾಲಿನಲ್ಲಿ, 20ರಿಂದ 25ರ ನಡುವೆ. ಅದೂ ಅವರು ಆ ಪೇಸನ್ನು ಕಾಯ್ದುಕೊಂಡಿದ್ದರಿಂದ ಬಂದದ್ದಲ್ಲ; ವೇಗ ಇಳಿಯುತ್ತಾ ಇಳಿಯುತ್ತಾ ಆ ಮಟ್ಟವನ್ನು ದಾಟಿ ಹೋದದ್ದರಿಂದ ಬಂದದ್ದು. ಮೊದಲ 10 ಕಿಲೋಮೀಟರನ್ನು ಅವರು 1 ಗಂಟೆ 1 ನಿಮಿಷ 40 ಸೆಕೆಂಡಿನಲ್ಲಿ ಮುಗಿಸಿದ್ದರು, ಅಂದರೆ 6:10 ಪೇಸಿನಲ್ಲಿ. ಎರಡು ತಿಂಗಳ ಹಿಂದೆ ಅವರು ಅರ್ಧ ಮ್ಯಾರಥಾನನ್ನು 2 ಗಂಟೆ 10 ನಿಮಿಷದಲ್ಲಿ ಓಡಿದ್ದರು, ಅದರ ಪೇಸ್ ಕೂಡ 6:10. 21 ಕಿಲೋಮೀಟರಿಗೆ ದೇಹದ ಶಕ್ತಿಯನ್ನೆಲ್ಲ ಸುರಿದು ಓಡಿದ ವೇಗದಲ್ಲೇ ಅವರು 42 ಕಿಲೋಮೀಟರಿನ ಓಟವನ್ನು ಆರಂಭಿಸಿದ್ದರು. ಮೊದಲ ಮ್ಯಾರಥಾನಿನಲ್ಲಿ ಪದೇ ಪದೇ ಕಾಣುವ ತಪ್ಪು ಇದೇ. ಆದರೆ ಓಡುತ್ತಿರುವವರಿಗೆ ಅದು ತಪ್ಪೆಂದು ಅನ್ನಿಸುವುದೇ ಇಲ್ಲ. ಓಟಕ್ಕೆ ಮುಂಚಿನ ಎರಡು ವಾರ ತಾಲೀಮು ಕಡಿಮೆ ಮಾಡಿರುವುದರಿಂದ ಕಾಲುಗಳು ಹಗುರವಾಗಿರುತ್ತವೆ, ಸ್ನಾಯುಗಳಲ್ಲಿ ಇಂಧನ ತುಂಬಿರುತ್ತದೆ, ಸುತ್ತ ಸಾವಿರಾರು ಜನ ಓಡುತ್ತಿರುತ್ತಾರೆ; ಹೀಗಾಗಿ ಅಂದು 6:10 ಎಂಬುದು ಭಾನುವಾರದ 6:45ಕ್ಕಿಂತಲೂ ಸಲೀಸಾಗಿ ತೋರುತ್ತದೆ. ಆ ಹೊತ್ತಿನಲ್ಲಿ ಮೈಯ ಅನುಭವವನ್ನು ನಂಬದೆ ಗಡಿಯಾರವನ್ನು ನಂಬಬೇಕು.

"ಮೊದಲು ಒಂದಿಷ್ಟು ಸಮಯ ಉಳಿಸಿಕೊಂಡರೆ ಕೊನೆಗೆ ನಿಧಾನವಾದರೂ ನಡೆಯುತ್ತದೆ" ಎಂಬ ಲೆಕ್ಕಾಚಾರ ಅವರ ಮನಸ್ಸಿನಲ್ಲಿತ್ತು. ಉಳಿತಾಯ ನಿಜವಾಗಿಯೂ ಆಗಿತ್ತು: 25ನೆಯ ಕಿಲೋಮೀಟರಿನ ಫಲಕದ ಬಳಿ ಅವರು ಗುರಿಗಿಂತ 9 ನಿಮಿಷ 25 ಸೆಕೆಂಡು ಮುಂದಿದ್ದರು, 30ರಲ್ಲಿಯೂ ಸರಿಯಾಗಿ 7 ನಿಮಿಷ ಮುಂದಿದ್ದರು. ಆದರೆ 35ರ ಹೊತ್ತಿಗೆ 4 ನಿಮಿಷ ಹಿಂದೆ ಬಿದ್ದು, ಕೊನೆಗೆ ಸುಮಾರು 29 ನಿಮಿಷ ತಡವಾಗಿ ಮುಗಿಸಿದರು. 25ರ ನಂತರ ಕಳೆದುಕೊಂಡದ್ದನ್ನೆಲ್ಲ ಕೂಡಿಸಿದರೆ 38 ನಿಮಿಷ ದಾಟುತ್ತದೆ. ಮುಂಚೆ ಉಳಿಸಿದ ಒಂದೊಂದು ನಿಮಿಷಕ್ಕೂ ಆಮೇಲೆ ನಾಲ್ಕು ನಿಮಿಷ ತೆರಬೇಕಾಯಿತು. ಮೊದಲಾರ್ಧಕ್ಕೆ 2:12:55 ಹಿಡಿದಿದ್ದರೆ ದ್ವಿತೀಯಾರ್ಧಕ್ಕೆ 3:00:45 ಹಿಡಿಯಿತು. ಹೋಲಿಕೆಗೆ ಹೇಳುವುದಾದರೆ, ಕೆನ್ಯಾದ ಓಟಗಾರ ಕೆಲ್ವಿನ್ ಕಿಪ್ಟಮ್ 2023ರ ಅಕ್ಟೋಬರಿನಲ್ಲಿ ಷಿಕಾಗೋದಲ್ಲಿ 2:00:35ರ ವಿಶ್ವದಾಖಲೆ ಮಾಡಿದಾಗ ಅವರ ಮೊದಲಾರ್ಧ 60:48, ದ್ವಿತೀಯಾರ್ಧ 59:47 ಆಗಿತ್ತು. ಎರಡೂ ಅರ್ಧಗಳ ನಡುವಿನ ಅಂತರ ಒಂದು ನಿಮಿಷ. ದ್ವಿತೀಯಾರ್ಧವೇ ಚುರುಕಾಗಿದ್ದರೆ ಅದನ್ನು ನೆಗೆಟಿವ್ ಸ್ಪ್ಲಿಟ್ ಎನ್ನುತ್ತಾರೆ. ಮೊದಲ ಓಟಕ್ಕೆ ಅದು ಬೇಕೇಬೇಕೆಂದಿಲ್ಲ, ಎರಡೂ ಅರ್ಧಗಳು ಹತ್ತಿರ ಹತ್ತಿರ ಬಂದರೆ ಧಾರಾಳವಾಯಿತು.

ಒಂದು ನಿಮಿಷಕ್ಕೆ ನಾಲ್ಕು ನಿಮಿಷದ ಈ ದುಬಾರಿ ಬಡ್ಡಿ ಏಕೆ ಎಂಬುದನ್ನು ತಿಳಿಯಬೇಕಾದರೆ ದೇಹದೊಳಗಿನ ಇಂಧನದ ಲೆಕ್ಕವನ್ನು ನೋಡಬೇಕು. ಓಡುವಾಗ ದೇಹ ಎರಡು ಬಗೆಯ ಇಂಧನವನ್ನು ಒಟ್ಟೊಟ್ಟಿಗೆ ಬಳಸುತ್ತದೆ. ಒಂದು ಕೊಬ್ಬು, ತೆಳ್ಳಗಿನ ಮನುಷ್ಯನಲ್ಲೂ ಹಲವು ಮ್ಯಾರಥಾನ್‌ಗಳಿಗೆ ಸಾಲುವಷ್ಟು ಕೊಬ್ಬು ಇರುತ್ತದೆ. ಇನ್ನೊಂದು ಗ್ಲೈಕೊಜನ್, ನಾವು ತಿಂದ ಅನ್ನ, ಬೆಲ್ಲ, ಹಣ್ಣುಗಳ ಸಕ್ಕರೆಯನ್ನು ದೇಹ ಈ ರೂಪದಲ್ಲಿ ಸ್ನಾಯುಗಳಲ್ಲಿ ಮತ್ತು ಯಕೃತ್ತಿನಲ್ಲಿ ಕೂಡಿಡುತ್ತದೆ. ಅದರ ದಾಸ್ತಾನು ಮಾತ್ರ ಚಿಕ್ಕದು: ಸ್ನಾಯುಗಳಲ್ಲಿ ಸುಮಾರು 400ರಿಂದ 500 ಗ್ರಾಂ, ಯಕೃತ್ತಿನಲ್ಲಿ ಸುಮಾರು 100 ಗ್ರಾಂ. ಕೊಬ್ಬು ಹೇರಳವಾಗಿದ್ದರೂ ಅದನ್ನು ಉರಿಸಲು ಹೆಚ್ಚು ಆಮ್ಲಜನಕ ಬೇಕು ಮತ್ತು ಅದರಿಂದ ಶಕ್ತಿ ನಿಧಾನವಾಗಿ ಒದಗುತ್ತದೆ. ಆದ್ದರಿಂದ ವೇಗ ಹೆಚ್ಚಿದಂತೆಲ್ಲ ದೇಹ ಕೊಬ್ಬಿನ ಪಾಲನ್ನು ತಗ್ಗಿಸಿ ಗ್ಲೈಕೊಜನ್ನಿನ ಪಾಲನ್ನು ಏರಿಸುತ್ತದೆ. ಗ್ಲೈಕೊಜನ್ ಕೆಳಮಟ್ಟಕ್ಕೆ ಇಳಿದಾಗ ಉಳಿಯುವುದು ಬಹುಪಾಲು ಕೊಬ್ಬಿನ ನಿಧಾನದ ಶಕ್ತಿ. ಆಗ ಎಷ್ಟೇ ಹಟ ತೊಟ್ಟರೂ ಕಾಲುಗಳು ಹಳೆಯ ವೇಗಕ್ಕೆ ಬರುವುದಿಲ್ಲ. ಓಟಗಾರರು ಗೋಡೆ ಎನ್ನುವುದು ಇದನ್ನೇ.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಸ್ನಾಯುವಿನಲ್ಲಿ ಕೂಡಿಟ್ಟ ಗ್ಲೈಕೊಜನ್ ಆ ಸ್ನಾಯುವಿಗಷ್ಟೇ ಮೀಸಲು, ಅದು ಸಕ್ಕರೆಯಾಗಿ ರಕ್ತಕ್ಕೆ ಮರಳುವುದಿಲ್ಲ. ತೋಳಿನಲ್ಲಿರುವ ದಾಸ್ತಾನು ತೊಡೆಗೆ ಸಿಗಲಾರದು. ರಕ್ತಕ್ಕೆ ಸಕ್ಕರೆಯನ್ನು ಒದಗಿಸುವ ಕೆಲಸ ಯಕೃತ್ತಿನದು, ಮತ್ತು ಮಿದುಳು ಬದುಕುವುದು ಆ ಸಕ್ಕರೆಯನ್ನು ನೆಚ್ಚಿಕೊಂಡು. ಆದ್ದರಿಂದ ಗೋಡೆಗೆ ಎರಡು ಮುಖಗಳಿವೆ: ತೊಡೆ ಮತ್ತು ಮೀನಖಂಡಗಳ ದಾಸ್ತಾನು ತೀರಿದರೆ ಕಾಲು ಭಾರವಾಗುತ್ತದೆ, ಯಕೃತ್ತಿನ ದಾಸ್ತಾನು ತೀರಿದರೆ ತಲೆ ಮಂಕಾಗುತ್ತದೆ.

ನಮ್ಮ ಮಿತ್ರರ ತೂಕ 66 ಕಿಲೋ. ಸಮತಟ್ಟಾದ ರಸ್ತೆಯಲ್ಲಿ ಓಡುವಾಗ ಒಂದು ಕಿಲೋ ತೂಕಕ್ಕೆ ಕಿಲೋಮೀಟರಿಗೆ ಸುಮಾರು 1 ಕಿಲೋಕ್ಯಾಲೊರಿ ಖರ್ಚಾಗುತ್ತದೆ. ಹಾಗಾಗಿ ಅವರಿಗೆ ಕಿಲೋಮೀಟರಿಗೆ 66, ಇಡೀ ಓಟಕ್ಕೆ ಸುಮಾರು 2,800 ಕಿಲೋಕ್ಯಾಲೊರಿ ಬೇಕು. ಕಾಲುಗಳಿಗೆ ನಿಜವಾಗಿ ದಕ್ಕುವ ಗ್ಲೈಕೊಜನ್ 400 ಗ್ರಾಂ ಎಂದು ಭಾವಿಸೋಣ. ಗ್ರಾಂಗೆ 4ರಂತೆ ಅದು 1,600 ಕಿಲೋಕ್ಯಾಲೊರಿ. 6:10 ಪೇಸಿನಲ್ಲಿ ಖರ್ಚಿನ ಐದರಲ್ಲಿ ನಾಲ್ಕು ಪಾಲು ಗ್ಲೈಕೊಜನ್ನಿನಿಂದ ಬರುತ್ತದೆಂದು ಇಟ್ಟುಕೊಂಡರೆ ಕಿಲೋಮೀಟರಿಗೆ 53ರಂತೆ 30 ಕಿಲೋಮೀಟರಿಗೇ ಆ ದಾಸ್ತಾನು ಮುಗಿಯುತ್ತದೆ. 6:45ರಲ್ಲಿ ಆ ಪಾಲು ಹತ್ತರಲ್ಲಿ ಏಳಕ್ಕೆ ಇಳಿದರೆ ಕಿಲೋಮೀಟರಿಗೆ 46ರಂತೆ ಅದೇ ದಾಸ್ತಾನು 34 ಕಿಲೋಮೀಟರ್ ದಾಟುತ್ತದೆ. ಇವು ಅಂದಾಜಿನ ಅಂಕಿಗಳು. ತಾಲೀಮು ಹೆಚ್ಚಿದಂತೆ ಕೊಬ್ಬನ್ನು ಬಳಸುವ ಶಕ್ತಿಯೂ ಹೆಚ್ಚುವುದರಿಂದ ಈ ಪಾಲುಗಳು ಒಬ್ಬೊಬ್ಬರಿಗೆ ಒಂದೊಂದು ರೀತಿ ಇರುತ್ತವೆ. ಆದರೂ ಎರಡು ವಿಷಯ ಇದರಿಂದ ಸ್ಪಷ್ಟವಾಗುತ್ತವೆ. ಕಿಲೋಮೀಟರಿಗೆ 35 ಸೆಕೆಂಡಿನ ಆತುರ ಗೋಡೆಯನ್ನು ನಾಲ್ಕಾರು ಕಿಲೋಮೀಟರ್ ಹತ್ತಿರಕ್ಕೆ ಎಳೆದು ತರಬಲ್ಲದು. ಮತ್ತು ಸರಿಯಾದ ಪೇಸಿನಲ್ಲಿ ಓಡಿದರೂ, ದಾರಿಯಲ್ಲಿ ಏನನ್ನೂ ತಿನ್ನದೆ ಹೋದರೆ ಇಂಧನ ಸಾಲುವುದಿಲ್ಲ.

ತಿನ್ನುವ ವಿಷಯದಲ್ಲಿ ಅವರು ಎಡವಿದ್ದೂ ಇಲ್ಲೇ. ಹಸಿವಿಲ್ಲವೆಂದು 20 ಕಿಲೋಮೀಟರ್ ತನಕ ಬರೀ ನೀರು ಕುಡಿದು, ಆಮೇಲೆ ಓಟಗಾರರು ಬಳಸುವ, ಸಕ್ಕರೆ ಪಾಕದಂಥ ಜೆಲ್‌ನ ಎರಡು ಪೊಟ್ಟಣ ಸೇವಿಸಿದರು. ಓಟದಲ್ಲಿ ಹಸಿವನ್ನು ಕಾಯುತ್ತಾ ಕೂರುವಂತಿಲ್ಲ. ಗಂಟೆಗೆ 30ರಿಂದ 60 ಗ್ರಾಂ ಸಕ್ಕರೆಯನ್ನು ಹೆಚ್ಚಿನವರ ಕರುಳು ಹೀರಿಕೊಳ್ಳಬಲ್ಲದು, ಆದರೆ ಅದು ಮೊದಲ ಅರ್ಧ ಗಂಟೆಯಿಂದಲೇ ಸ್ವಲ್ಪ ಸ್ವಲ್ಪವಾಗಿ ಒಳಗೆ ಹೋಗುತ್ತಿರಬೇಕು. ಗಂಟೆಗೆ 40 ಗ್ರಾಂನಂತೆ ನಾಲ್ಕು ಗಂಟೆ ಸೇವಿಸಿದರೆ 640 ಕಿಲೋಕ್ಯಾಲೊರಿ ಸೇರುತ್ತದೆ. ಮೇಲಿನ ಲೆಕ್ಕದಲ್ಲಿ 6:45ರ ಓಟಗಾರ ಗೋಡೆ ಕಾಣುವ ಮೊದಲೇ ಓಟ ಮುಗಿದಿರುತ್ತದೆ. ಅಂಗಡಿಯಲ್ಲಿ ಸಿಗುವ ಒಂದು ಜೆಲ್‌ನಲ್ಲಿ 20ರಿಂದ 25 ಗ್ರಾಂ ಸಕ್ಕರೆ ಇರುತ್ತದೆ, ಸಾಧಾರಣ ಗಾತ್ರದ ಒಂದು ಬಾಳೆಹಣ್ಣಿನಲ್ಲೂ ಪಿಷ್ಟ ಸೇರಿ ಹೆಚ್ಚುಕಡಿಮೆ ಅಷ್ಟೇ. ಶಿರಸಿ ಕಡೆಯ ಓಟಗಾರರು ಚಿಕ್ಕ ಬಾಟಲಿಯಲ್ಲಿ ಜೋನಿ ಬೆಲ್ಲ ಒಯ್ಯುವುದನ್ನು ಕಂಡಿದ್ದೇನೆ, ಅದು ಒಳ್ಳೆಯ ಯೋಚನೆ. 30 ಗ್ರಾಂ ಜೋನಿ ಬೆಲ್ಲದಲ್ಲಿ ಸುಮಾರು 20 ಗ್ರಾಂ ಸಕ್ಕರೆ ಸಿಗುತ್ತದೆ. ಅದನ್ನು ಹಾಗೆಯೇ ನುಂಗದೆ ಮೇಲೆ ನಾಲ್ಕು ಗುಟುಕು ನೀರು ಕುಡಿಯಬೇಕು, ಇಲ್ಲದಿದ್ದರೆ ಹೊಟ್ಟೆ ತೊಳಸುತ್ತದೆ. ಏನನ್ನೇ ಆಗಲಿ, ತಾಲೀಮಿನ ಉದ್ದನೆಯ ಓಟಗಳಲ್ಲಿ ನಾಲ್ಕೈದು ಬಾರಿ ಸೇವಿಸಿ ನೋಡದೆ ಓಟದ ದಿನ ಬಾಯಿಗೆ ಹಾಕಬಾರದು.

ಕರಾವಳಿಯವರಿಗೆ ಇದರ ಮೇಲೆ ಇನ್ನೊಂದು ಹೊರೆಯಿದೆ. ಕಾರವಾರದ ಗಾಳಿಯಲ್ಲಿ ತೇವಾಂಶ ಹೆಚ್ಚಿರುವುದರಿಂದ ಬೆವರು ಹರಿದು ಬೀಳುತ್ತದೆಯೇ ಹೊರತು ಬೇಗ ಆರುವುದಿಲ್ಲ, ಆರದ ಬೆವರು ಮೈಯನ್ನು ತಂಪು ಮಾಡುವುದಿಲ್ಲ. ಶಾಖವನ್ನು ಹೊರಹಾಕಲು ಹೃದಯ ಚರ್ಮಕ್ಕೂ ರಕ್ತವನ್ನು ಕಳಿಸಬೇಕಾಗುತ್ತದೆ. ಹೀಗಾಗಿ ಅದೇ ಪೇಸಿನಲ್ಲಿ ಓಡುತ್ತಿದ್ದರೂ ಗಂಟೆ ಕಳೆದಂತೆ ನಾಡಿಬಡಿತ ಮೆಲ್ಲಮೆಲ್ಲನೆ ಏರುತ್ತದೆ, ಜೊತೆಗೆ ಗ್ಲೈಕೊಜನ್ನಿನ ಖರ್ಚೂ ಏರುತ್ತದೆ. ಶಿರಸಿಯ ತಂಪಿನಲ್ಲಿ ಸಲೀಸಾಗಿ ಬರುವ 6:45 ಪೇಸ್ ದೇವಿಮನೆ ಘಟ್ಟ ಇಳಿದು ಕುಮಟೆಯ ಕಡಲ ಬದಿಗೆ ಬಂದಾಗ ಏದುಸಿರು ಬರಿಸುತ್ತದೆ. ಅದು ತಾಲೀಮಿನ ಕೊರತೆಯಲ್ಲ. ಸೆಕೆ ಇರುವ ಊರಿನ ಓಟಕ್ಕೆ ಗುರಿಯ ಪೇಸನ್ನೇ 10, 15 ಸೆಕೆಂಡು ಸಡಿಲಿಸಿಕೊಂಡು ಹೊರಡುವುದು ಸರಿಯಾದ ಕ್ರಮ. ಏರುಗಳಲ್ಲಿಯೂ ಇದೇ ನಿಯಮ: ಕಾರವಾರದಿಂದ ಬಿಣಗಾ ಕಡೆಗೆ ಹೋಗುವ ಏರಿನಲ್ಲಿ ಗಡಿಯಾರ 7:20 ತೋರಿಸಿದರೂ ಉಸಿರು ಮೊದಲಿನ ಹದದಲ್ಲೇ ಇರಬೇಕು. ಏರಿನಲ್ಲಿ ಕಳೆದ ಸೆಕೆಂಡುಗಳನ್ನು ಇಳಿಜಾರಿನಲ್ಲಿ ದಡಬಡನೆ ಓಡಿ ವಸೂಲು ಮಾಡಲು ಹೋದರೆ ತೊಡೆಯ ಮುಂಭಾಗದ ಸ್ನಾಯುಗಳು ಪೆಟ್ಟು ತಿನ್ನುತ್ತವೆ, ಅದರ ನೋವು 30ರ ನಂತರ ಕಾಣಿಸಿಕೊಳ್ಳುತ್ತದೆ.

ಹಾಗೆಂದು 30ರ ನಂತರದ ಕಷ್ಟವೆಲ್ಲವೂ ಗೋಡೆಯಲ್ಲ. ವ್ಯತ್ಯಾಸ ತಿಳಿದಿರುವುದು ಒಳಿತು, ಏಕೆಂದರೆ ಪರಿಹಾರ ಬೇರೆ ಬೇರೆ. ತೊಡೆ ನೋಯುತ್ತಿದ್ದು, ತಲೆ ಚುರುಕಾಗಿದ್ದರೆ ಅದು ಸ್ನಾಯುಗಳ ದಣಿವು. ಹೆಜ್ಜೆ ಕಿರಿದು ಮಾಡಿಕೊಂಡು ಮುಂದುವರಿಯಬಹುದು. ಗೋಡೆಯಾದರೆ ಕಾಲು ಸೀಸದಂತೆ ಭಾರವಾಗಿ ವೇಗ ಕುಸಿಯುತ್ತದೆ, ಆದರೆ ಉಸಿರು ಅಷ್ಟೇನೂ ಏರಿರುವುದಿಲ್ಲ. ಉಳಿದ ದೂರವನ್ನು ಪೇಸಿನಿಂದ ಗುಣಿಸುವಂಥ ಸಣ್ಣ ಲೆಕ್ಕವೂ ತಲೆಗೆ ಹತ್ತುವುದಿಲ್ಲ, ಕಾರಣವಿಲ್ಲದೆ ಅಳು ಬರುತ್ತದೆ. ನಮ್ಮ ಮಿತ್ರರು 34ನೆಯ ಕಿಲೋಮೀಟರಿನ ಫಲಕವನ್ನು ಎರಡು ಸಲ ಓದಿದರೂ ಇನ್ನೆಷ್ಟು ದೂರ ಉಳಿದಿದೆಯೆಂದು ಲೆಕ್ಕ ಹಾಕಲು ಆಗಲಿಲ್ಲವಂತೆ. ಆಗ ನಡೆಯುತ್ತಾ ಸಿಹಿ ಪಾನೀಯ ಕುಡಿದರೆ 10, 15 ನಿಮಿಷಗಳಲ್ಲಿ ತಲೆ ತಿಳಿಯಾಗುತ್ತದೆ. ಕಾಲಿನ ದಾಸ್ತಾನು ಮಾತ್ರ ಓಟದ ನಡುವೆ ಮರಳಿ ತುಂಬುವುದಿಲ್ಲ, ಆದ್ದರಿಂದ ಹಳೆಯ ಪೇಸಿಗೆ ಹಾತೊರೆಯದೆ ನಡೆ ಮತ್ತು ನಿಧಾನದ ಓಟಗಳನ್ನು ಬೆರೆಸಿ ಮುಗಿಸಬೇಕು. ಸಿಹಿ ಕುಡಿದ ಮೇಲೂ ಗೊಂದಲ ಹೋಗದಿದ್ದರೆ, ಹೆಜ್ಜೆ ತೂರಾಡುತ್ತಿದ್ದರೆ, ಮೈ ಕಾದಿದ್ದು ಮಾತು ತೊದಲುತ್ತಿದ್ದರೆ ಅದು ಗೋಡೆಯಲ್ಲ. ಶಾಖದ ಆಘಾತವೋ, ಅತಿಯಾಗಿ ಬರೀ ನೀರು ಕುಡಿದು ರಕ್ತದ ಸೋಡಿಯಂ ಇಳಿದಿರುವ ಸ್ಥಿತಿಯೋ ಆಗಿರಬಹುದು. ಎರಡೂ ಪ್ರಾಣಾಪಾಯದ ಸಂಗತಿಗಳಾದ್ದರಿಂದ ಓಟವನ್ನು ಅಲ್ಲೇ ನಿಲ್ಲಿಸಿ ವೈದ್ಯಕೀಯ ಸಿಬ್ಬಂದಿಯನ್ನು ಕರೆಯಬೇಕು.

ಗುರಿಯ ಪೇಸನ್ನು ಹೇಗೆ ನಿಗದಿ ಮಾಡಬೇಕೆಂಬ ಪ್ರಶ್ನೆ ಉಳಿಯಿತು. ಇತ್ತೀಚೆಗೆ ಓಡಿದ ಅರ್ಧ ಮ್ಯಾರಥಾನಿನ ಸಮಯವನ್ನು ದುಪ್ಪಟ್ಟು ಮಾಡಿ, ಮೊದಲ ಓಟವಾದರೆ ಅದಕ್ಕೆ 20ರಿಂದ 25 ನಿಮಿಷ ಸೇರಿಸುವುದನ್ನು ನಾನು ಸೂಚಿಸುತ್ತೇನೆ. ಹಲವು ತಂತ್ರಾಂಶಗಳು 2:10ರ ಅರ್ಧ ಮ್ಯಾರಥಾನಿಗೆ 4:31 ಎಂದು ತೋರಿಸುತ್ತವೆ, ಆದರೆ ಅದು ವಾರಕ್ಕೆ ಸಾಕಷ್ಟು ಕಿಲೋಮೀಟರ್ ಓಡಿ ಪಳಗಿದವರಿಗೆ ಹೊಂದುವ ಲೆಕ್ಕ. 4:45ರ ಗುರಿ ಸರಿಯಾಗಿಯೇ ಇತ್ತು. ಅದನ್ನು ಪಾಲಿಸಲಿಲ್ಲ ಅಷ್ಟೇ. ತಾಲೀಮಿನ 28, 30 ಕಿಲೋಮೀಟರಿನ ಓಟದಲ್ಲಿ ಆ ಪೇಸಿನಲ್ಲಿ ಪೂರ್ಣ ವಾಕ್ಯಗಳಲ್ಲಿ ಮಾತಾಡಲು ಸಾಧ್ಯವಾಗುತ್ತದೆಯೇ ಎಂದು ಪರೀಕ್ಷಿಸಿಕೊಳ್ಳಬೇಕು. ಎರಡು ಪದಕ್ಕೊಮ್ಮೆ ಉಸಿರೆಳೆಯಬೇಕಾದರೆ ಗುರಿಯನ್ನು ಸಡಿಲಿಸಬೇಕು.

ಗಡಿಯಾರವನ್ನು ಓದುವುದರಲ್ಲೂ ಒಂದು ಸೂಕ್ಷ್ಮವಿದೆ. ಮ್ಯಾರಥಾನಿನ ದೂರವನ್ನು ತಿರುವುಗಳ ಒಳ ಅಂಚನ್ನು ಹಿಡಿದು, ಸಾಧ್ಯವಿರುವ ಅತಿ ಹತ್ತಿರದ ದಾರಿಯಲ್ಲಿ ಅಳೆದಿರುತ್ತಾರೆ. ನಾವು ಜನರನ್ನು ಬಳಸಿಕೊಂಡು, ತಿರುವಿನ ಹೊರಬದಿಯಲ್ಲಿ ಓಡುವುದರಿಂದ ಕೈಗಡಿಯಾರದ ಜಿಪಿಎಸ್ ಕೊನೆಗೆ 42.5 ಕಿಲೋಮೀಟರ್ ತೋರಿಸುವುದು ಸಾಮಾನ್ಯ. ಅಂದರೆ ಗಡಿಯಾರದ 6:45ನ್ನು ನಂಬಿ ಓಡಿದವರು ಗುರಿಗಿಂತ 2 ನಿಮಿಷ ತಡವಾಗಿ ಮುಗಿಸುತ್ತಾರೆ. ಆದ್ದರಿಂದ ಕ್ಷಣಕ್ಷಣದ ಪೇಸನ್ನು ನೋಡುವುದನ್ನು ಬಿಟ್ಟು, ರಸ್ತೆ ಬದಿಯ 5, 10, 15ರ ಫಲಕಗಳ ಬಳಿ ಒಟ್ಟು ಸಮಯವನ್ನು ಮಾತ್ರ ಹೋಲಿಸಬೇಕು. ಆ ಸಮಯಗಳನ್ನು ಮುಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡರೆ ಸಾಕು. 30ರ ನಂತರ ತಲೆ ಲೆಕ್ಕ ಮಾಡದಿದ್ದರೂ ಕಣ್ಣು ಓದಬಲ್ಲದು. ಗುಂಪಿನಲ್ಲಿ ಆರಂಭದ ಗೆರೆ ತಲುಪಲು ಹಲವು ನಿಮಿಷ ಹಿಡಿಯಬಹುದಾದ್ದರಿಂದ, ಗಡಿಯಾರವನ್ನು ಆ ಗೆರೆ ದಾಟುವಾಗಲೇ ಒತ್ತಬೇಕು.

ಮರುವರ್ಷ ಅವರು ಅದೇ ಗುರಿಯನ್ನಿಟ್ಟುಕೊಂಡು ಹೊರಟಾಗ ಮುಂಗೈ ಮೇಲೆ ಬರೆದುಕೊಂಡದ್ದು ಐದೇ ಸಮಯಗಳು: 5ಕ್ಕೆ 34:30, 10ಕ್ಕೆ 1:08:15, 20ಕ್ಕೆ 2:15:45, ಅರ್ಧಕ್ಕೆ 2:23:10, 30ಕ್ಕೆ 3:23:15. ಮೊದಲ 5 ಕಿಲೋಮೀಟರನ್ನು ಗುರಿಗಿಂತಲೂ ಮುಕ್ಕಾಲು ನಿಮಿಷ ನಿಧಾನವಾಗಿ ಇಟ್ಟದ್ದು ಉದ್ದೇಶಪೂರ್ವಕವಾಗಿ. ಆ 5 ಕಿಲೋಮೀಟರಿನಲ್ಲಿ ನೂರಾರು ಜನ ತಮ್ಮನ್ನು ದಾಟಿ ಹೋದದ್ದನ್ನು ಸಹಿಸುವುದೇ ಇಡೀ ಓಟದ ಅತಿ ಕಷ್ಟದ ಕೆಲಸವಾಗಿತ್ತೆಂದು ಅವರು ಹೇಳಿದರು. ಪ್ರತಿ ಅರ್ಧ ಗಂಟೆಗೊಮ್ಮೆ, ಬೇಕಿರಲಿ ಬೇಡವಿರಲಿ, ಒಂದು ಜೆಲ್ ಅಥವಾ ಜೋನಿ ಬೆಲ್ಲದ ಒಂದು ಗುಟುಕು. ನಿಜವಾಗಿ ಅವರು ತಲುಪಿದ್ದು 20ಕ್ಕೆ 2:16:00, ಅರ್ಧಕ್ಕೆ 2:23:25, 30ಕ್ಕೆ 3:23:35. ಹಿಂದಿನ ವರ್ಷ 44:50 ಹಿಡಿದಿದ್ದ 30ರಿಂದ 35ರ ತುಂಡು ಈ ಬಾರಿ 34:10ಕ್ಕೆ ಮುಗಿಯಿತು, 50:15 ಹಿಡಿದಿದ್ದ 35ರಿಂದ 40ರ ತುಂಡು 34:40ಕ್ಕೆ. ಮುಗಿಸಿದ ಸಮಯ 4:47:15. ದ್ವಿತೀಯಾರ್ಧಕ್ಕೆ ಮೊದಲಾರ್ಧಕ್ಕಿಂತ ಹೆಚ್ಚಾಗಿ ಹಿಡಿದದ್ದು 25 ಸೆಕೆಂಡು. ಮೊದಲ 5ರಲ್ಲಿ ತಮ್ಮನ್ನು ದಾಟಿ ಹೋದವರಲ್ಲಿ ಎಷ್ಟೋ ಜನ 34ನೆಯ ಕಿಲೋಮೀಟರಿನ ಫಲಕದ ಆಚೀಚೆ ಸೊಂಟದ ಮೇಲೆ ಕೈಯಿಟ್ಟು ನಡೆಯುತ್ತಿದ್ದರಂತೆ. ಅವರಲ್ಲೊಬ್ಬರಿಗೆ ತಮ್ಮ ಬಾಟಲಿಯಲ್ಲಿ ಉಳಿದಿದ್ದ ಜೋನಿ ಬೆಲ್ಲವನ್ನು ಕೊಟ್ಟು, "ನೀರಿನ ಜೊತೆ ಕುಡೀರಿ, ಹತ್ತು ನಿಮಿಷ ನಡೀರಿ" ಎಂದು ಹೇಳಿ ಮುಂದೆ ಬಂದೆನೆಂದರು.